ಜಿಮ್‌ನ ಮೊದಲ ದಿನದ ನೋವು, ಕೋಲಾ ಬಣ್ಣದ ಮೂತ್ರ

ಜಿಮ್ ಸೇರಿದ ಹೊಸತರಲ್ಲಿ ಮೈಕೈ ನೋಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ, ತಲೆ ಬಾಚಲು ಕೈ ಎತ್ತಿದರೆ ಜೀವ ಹೋದಂತಾಗುತ್ತದೆ. 'ಶುರುವಿನಲ್ಲಿ ಹಾಗೇ, ಮಾಡ್ತಾ ಮಾಡ್ತಾ ಸರಿಹೋಗುತ್ತೆ' ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ಬಹುಪಾಲು ಸಲ ಅವರ ಮಾತು ನಿಜವೂ ಹೌದು. ಆದರೆ ಅಪರೂಪಕ್ಕೆ, ಇದೇ ನೋವಿನ ವೇಷದಲ್ಲಿ ಬೇರೊಂದು ತೊಂದರೆ ಬಂದು ಕುಳಿತಿರುತ್ತದೆ. ಸ್ನಾಯುವಿನ ಜೀವಕೋಶಗಳು ದೊಡ್ಡ ಪ್ರಮಾಣದಲ್ಲಿ ಒಡೆದು, ಒಳಗಿದ್ದುದೆಲ್ಲ ರಕ್ತಕ್ಕೆ ಸೋರಿ, ಮೂತ್ರಪಿಂಡದ ಮೇಲೆ ಬೀಳುವ ತೊಂದರೆ ಅದು. ವೈದ್ಯರು ಅದನ್ನು ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ; ಆಸ್ಪತ್ರೆಯ ಓಡಾಟದಲ್ಲಿ ಬರೀ 'ರ‍್ಯಾಬ್ಡೊ'.

ಬೇಗ ಗುರುತಿಸಿದರೆ ಇದು ಸಲೈನ್ ಹಾಕಿಸಿಕೊಂಡು ನಾಲ್ಕೈದು ದಿನದಲ್ಲಿ ಮನೆಗೆ ಬರುವ ಕಾಯಿಲೆ. ತಡವಾದರೆ ಡಯಾಲಿಸಿಸ್ ತನಕ ಹೋಗಬಹುದು. ಈ ವ್ಯತ್ಯಾಸವನ್ನು ತೀರ್ಮಾನಿಸುವುದು ವ್ಯಾಯಾಮವಾದ ಎರಡು ಮೂರು ದಿನಗಳಲ್ಲಿ ಮನೆಯಲ್ಲಿ ನಾವು ಏನು ಮಾಡುತ್ತೇವೆ ಎನ್ನುವುದು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಒಂದು ಪ್ರಕರಣವನ್ನು ಮೊದಲಿನಿಂದ ಹೇಳುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಒಟ್ಟು ಸೇರಿಸಿ ಬರೆದ ಚಿತ್ರ.

ಇಪ್ಪತ್ತಾರರ ಹುಡುಗ. ಬೆಂಗಳೂರಿನಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ, ಕಾಲೇಜು ಬಿಟ್ಟ ಮೇಲೆ ಆಟ ಓಟ ಯಾವುದೂ ಇಲ್ಲ. ಶನಿವಾರ ಸಂಜೆ ಜಿಮ್ ಸೇರಿದ. ಅವತ್ತು 'ಲೆಗ್ ಡೇ', ಅಂದರೆ ಕಾಲಿನ ಸರದಿ. ಸ್ಕ್ವಾಟ್, ಲಂಜ್, ಲೆಗ್ ಪ್ರೆಸ್ ಎಲ್ಲವೂ ನಾಲ್ಕು ನಾಲ್ಕು ಸೆಟ್. ಮೂರನೇ ಸೆಟ್ಟಿಗೇ ತೊಡೆ ನಡುಗತೊಡಗಿತು. 'ಇನ್ನೊಂದು, ಇನ್ನೊಂದೇ' ಎಂದು ಟ್ರೇನರ್ ಹುರಿದುಂಬಿಸಿದರು. ಮುಗಿಯುವ ಹೊತ್ತಿಗೆ ವಾಂತಿ ಬಂದಂತಾಗಿ ಮೂಲೆಯಲ್ಲಿ ಕೂತ. 'ಫಸ್ಟ್ ಡೇ ಎಲ್ಲರಿಗೂ ಹೀಗೇ' ಅಂದರು.

ಭಾನುವಾರ ಕಾಲು ಬಿಗಿದಿತ್ತು, ಅಷ್ಟೇ. ಸೋಮವಾರ ಬೆಳಿಗ್ಗೆ ಮಂಡಿ ಮಡಚಲು ಆಗಲಿಲ್ಲ. ತೊಡೆ ಊದಿ ಪ್ಯಾಂಟ್ ಬಿಗಿಯಾಗಿತ್ತು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ, ಆಟೋದಲ್ಲಿ ಆಫೀಸಿಗೆ ಹೋಗಿ ಬಂದ. ರಾತ್ರಿ ಮೂತ್ರ ಮಾಡುವಾಗ ನೋಡುತ್ತಾನೆ, ಹಾಲು ಹಾಕದ ಟೀ ಡಿಕಾಕ್ಷನ್ ಬಣ್ಣ. 'ಮಗಾ, ಜಾಂಡೀಸ್ ಇರ್ಬೇಕು ಕಣೋ' ಎಂದ ರೂಮ್‌ಮೇಟ್. ಊರಿಗೆ ಫೋನ್ ಮಾಡಿದರೆ ಅಮ್ಮ, 'ಉಷ್ಣ ಆಗಿದೆ ಕಣಪ್ಪಾ, ಜೀರಿಗೆ ನೀರು ಕುಡಿ, ನಾಳೆ ಎಳನೀರು ತರಿಸ್ಕೊ' ಎಂದರು. ಮಂಗಳವಾರ ಬೆಳಿಗ್ಗೆ ಮೂತ್ರ ಇನ್ನೂ ಕಪ್ಪಾಗಿ, ಕೋಲಾದ ಹಾಗೆ, ಅದೂ ಸ್ವಲ್ಪವೇ ಬಂತು. ಆಗ ಆಸ್ಪತ್ರೆಗೆ ಹೋದ.

ಅವನ ತೊಡೆಯೊಳಗೆ ನಡೆದದ್ದು ಏನು ಎಂದು ತಿಳಿಯಲು ಸ್ಕ್ವಾಟನ್ನೇ ತೆಗೆದುಕೊಳ್ಳೋಣ. ನಮ್ಮ ಬಸ್ಕಿಯೇ ಅದು, ಭುಜದ ಮೇಲೆ ಕಬ್ಬಿಣದ ಭಾರ ಸೇರಿದೆ ಅಷ್ಟೆ. ಏಳುವಾಗಲೇ ತೊಡೆಗೆ ಪೆಟ್ಟು ಬೀಳುವುದು ಎಂದು ಅನ್ನಿಸುತ್ತದೆ, ಏಕೆಂದರೆ ದಮ್ಮು ಕಟ್ಟುವುದು ಆಗಲೇ. ನಿಜವಾದ ಪೆಟ್ಟು ಬೀಳುವುದು ಕೆಳಗೆ ಕೂರುವಾಗ. ಏಳುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಭಾರ ಎತ್ತುತ್ತದೆ. ಇಳಿಯುವಾಗ ದೇಹ ದೊಪ್ಪನೆ ಬೀಳದಂತೆ ತಡೆಯುತ್ತಾ, ಭಾರ ಹೊತ್ತುಕೊಂಡೇ ಹಿಗ್ಗಬೇಕಾಗುತ್ತದೆ. ಹೀಗೆ ಬಿಗಿಹಿಡಿದಿರುವಾಗಲೇ ಎಳೆಸಿಕೊಂಡಾಗ ಸ್ನಾಯುವಿನ ಸೂಕ್ಷ್ಮ ಎಳೆಗಳು ಹರಿಯುತ್ತವೆ, ಕೋಶದ ಹೊರಪೊರೆಯೂ ಬಿರುಕು ಬಿಡುತ್ತದೆ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದಕ್ಕೆ ಮಾರನೆಯ ದಿನ ಹೆಚ್ಚು ಕಾಲುನೋವು ಬರುವುದು ಇದೇ ಕಾರಣಕ್ಕೆ. ಡಂಬೆಲ್ಲನ್ನು ನಿಧಾನವಾಗಿ ಕೆಳಗಿಳಿಸುವುದು, ಪುಲ್-ಅಪ್ ಕಂಬಿಯಿಂದ ಮೆಲ್ಲಗೆ ಇಳಿಯುವುದು ಎಲ್ಲವೂ ಈ ಜಾತಿಯವೇ.

ಸ್ವಲ್ಪ ಹರಿದರೆ ದೇಹ ರಿಪೇರಿ ಮಾಡಿಕೊಳ್ಳುತ್ತದೆ. ಸ್ನಾಯು ಬಲವಾಗುವುದೇ ಆ ರಿಪೇರಿಯಿಂದ. ಹರಿದದ್ದು ಮಿತಿ ಮೀರಿದರೆ ಕಥೆ ಬೇರೆ. ಹೊರಗಿನ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ. ಅದನ್ನು ಹೊರಹಾಕುವ ಪಂಪುಗಳಿಗೆ ಶಕ್ತಿ ಬೇಕು, ದಣಿದ ಕೋಶದಲ್ಲಿ ಆ ಶಕ್ತಿ ಮುಗಿದುಹೋಗಿದೆ. ಒಳಗೇ ಉಳಿದ ಕ್ಯಾಲ್ಸಿಯಂ ಸ್ನಾಯುವನ್ನು ಇನ್ನಷ್ಟು ಬಿಗಿಯುತ್ತದೆ, ಕೋಶವನ್ನೇ ತಿನ್ನುವ ಕಿಣ್ವಗಳನ್ನು ಎಬ್ಬಿಸುತ್ತದೆ. ಜಿಮ್‌ನಿಂದ ಮನೆಗೆ ಬಂದು ಮಲಗಿದ ಮೇಲೂ ಈ ಕೆಲಸ ಒಳಗೊಳಗೇ ಮುಂದುವರಿಯುತ್ತಿರುತ್ತದೆ. ಅದಕ್ಕೇ ಶನಿವಾರದ ಬಸ್ಕಿಗೆ ಸೋಮವಾರ ಊತ ಬಂದದ್ದು.

ಭಾರ ಎತ್ತದೆ ಬರೀ ಬಸ್ಕಿಯಿಂದಲೂ ಇದು ಆಗುತ್ತದೆ. ಶಾಲೆ, ಹಾಸ್ಟೆಲ್, ತರಬೇತಿ ಶಿಬಿರಗಳಲ್ಲಿ ಶಿಕ್ಷೆ ಎಂದು ನೂರಾರು ಬಸ್ಕಿ ಹೊಡೆಸಿದಾಗ ಮಕ್ಕಳು, ಯುವಕರು ಹೀಗೆ ಆಸ್ಪತ್ರೆ ಸೇರಿದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಬಸ್ಕಿ ಶಿಕ್ಷೆಯನ್ನು ನಾವು ಇಂದಿಗೂ ತಮಾಷೆಯ ಮಾತಾಗಿ ಆಡುತ್ತೇವೆ. ಅದು ತಮಾಷೆಯಲ್ಲ, ಮಗುವಿನ ಮೂತ್ರಪಿಂಡಕ್ಕೇ ಕುತ್ತು ತರಬಲ್ಲದ್ದು.

'ನಾನು ಗಟ್ಟಿಮುಟ್ಟಾಗಿದ್ದೇನೆ, ನನಗೇನಾಗುತ್ತೆ' ಎನ್ನುವವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 2011ರ ಜನವರಿಯಲ್ಲಿ ನಡೆದದ್ದನ್ನು ತಿಳಿಯಬೇಕು. ಅಲ್ಲಿನ ಫುಟ್‌ಬಾಲ್ ತಂಡದ ಆಟಗಾರರು, ದಿನವೂ ಬೆವರು ಹರಿಸುವ ಹುಡುಗರು, ಸುಮಾರು ಮೂರು ವಾರದ ರಜೆ ಮುಗಿಸಿ ಬಂದಿದ್ದರು. ತಾವು ಎತ್ತಬಲ್ಲ ಗರಿಷ್ಠ ಭಾರದ ಅರ್ಧವನ್ನು ಹೆಗಲ ಮೇಲಿಟ್ಟುಕೊಂಡು 100 ಸ್ಕ್ವಾಟ್ ಮಾಡುವ ಕಸರತ್ತನ್ನು ಅವರಿಂದ ಮಾಡಿಸಲಾಯಿತು. ಕೆಲವೇ ದಿನಗಳಲ್ಲಿ 13 ಮಂದಿ ಆಸ್ಪತ್ರೆ ಸೇರಿದರು. ತೊಡೆಯ ಅಸಾಧ್ಯ ನೋವು, ಊತ, ಕಂದು ಮೂತ್ರ. ಎಲ್ಲರೂ ಚೇತರಿಸಿಕೊಂಡು ಮನೆಗೆ ಹೋದರು. ಆದರೆ ಮೂರು ವಾರ ಬಿಟ್ಟ ಅಭ್ಯಾಸ ಅಂಥವರಿಗೇ ಇಷ್ಟು ಮಾಡಿತು ಎಂದಮೇಲೆ, ಮೂರು ವರ್ಷದಿಂದ ಕುರ್ಚಿಯಲ್ಲೇ ಕೂತಿದ್ದ ನಮ್ಮ ಹುಡುಗನ ತೊಡೆಗೆ ಏನಾಗಿರಬೇಡ? ಸ್ನಾಯುವಿನ ಗಾತ್ರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕಿರುವ ಇತ್ತೀಚಿನ ಅಭ್ಯಾಸ ಬರುತ್ತದೆ. ಹಾಗೆ ನೋಡಿದರೆ ಗಾತ್ರ ದೊಡ್ಡದಿದ್ದಷ್ಟೂ ಒಡೆದರೆ ಸೋರುವುದೂ ಹೆಚ್ಚು.

ಇನ್ನು ಆ ಬಣ್ಣ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೊಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಇರುತ್ತದೆ. ಕೋಶ ಒಡೆದಾಗ ಅದು ರಕ್ತಕ್ಕೆ ಬಂದು, ಮೂತ್ರಪಿಂಡದ ಜರಡಿಯಲ್ಲಿ ಸೋಸಿ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕಂದಾಗುವುದು ಅದರಿಂದ. ದೇಹದಲ್ಲಿ ನೀರು ಸಾಕಷ್ಟಿದ್ದರೆ ಅದು ಹರಿದುಹೋಗುತ್ತದೆ. ಬೆವರಿ ನೀರು ಕಡಿಮೆಯಾಗಿ, ಮೂತ್ರ ಗಟ್ಟಿಯಾಗಿ, ಆಮ್ಲೀಯವಾಗಿದ್ದರೆ ಇದೇ ಮಯೊಗ್ಲೋಬಿನ್ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹೆಪ್ಪಾಗಿ ಕೂರುತ್ತದೆ, ನಾಳದ ಗೋಡೆಗಳನ್ನೂ ಸುಡುತ್ತದೆ. ಅದೇ ಸಮಯದಲ್ಲಿ ಊದಿದ ಸ್ನಾಯು ರಕ್ತದಲ್ಲಿನ ನೀರನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ಮೂತ್ರಪಿಂಡಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎರಡೂ ಸೇರಿ ಅದರ ಕೆಲಸ ಕುಂಠಿತವಾಗುತ್ತದೆ.

ಸ್ನಾಯುವಿಗೂ ಮೂತ್ರಪಿಂಡಕ್ಕೂ ಇರುವ ಈ ನಂಟು ಸ್ಪಷ್ಟವಾಗಿ ಕಂಡದ್ದು ಎರಡನೇ ಮಹಾಯುದ್ಧದಲ್ಲಿ. ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಕುಸಿದ ಮನೆಗಳಡಿ ಗಂಟೆಗಟ್ಟಲೆ ಸಿಕ್ಕಿಬಿದ್ದವರನ್ನು ಹೊರತೆಗೆದಾಗ ಮೊದಲಿಗೆ ಸುಧಾರಿಸಿದಂತೆ ಕಂಡರೂ, ಆಮೇಲೆ ಮೂತ್ರ ಕಪ್ಪಾಗಿ, ಕಡಿಮೆಯಾಗಿ, ಮೂತ್ರಪಿಂಡ ಸೋತು ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಅಂಥ ನಾಲ್ವರ ಬಗ್ಗೆ ಬರೆದರು. ಜಜ್ಜಿದ ಸ್ನಾಯುವೇ ಮೂಲ ಎಂಬ ಅರಿವು ಗಟ್ಟಿಯಾದದ್ದು ಅಲ್ಲಿಂದ. ಜಿಮ್‌ನಲ್ಲಿ ಗೋಡೆ ಕುಸಿಯುವುದಿಲ್ಲ, ಆದರೆ ಸ್ನಾಯುವಿನ ಮಟ್ಟದಲ್ಲಿ ನಡೆಯುವುದು ಅದೇ.

ಒಡೆದ ಕೋಶದಿಂದ ಹೊರಬರುವ ಇನ್ನೊಂದು ವಸ್ತು ಪೊಟ್ಯಾಸಿಯಂ. ದೇಹದ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಇರುವುದು ಸ್ನಾಯುಗಳ ಒಳಗೇ. ಅದು ರಕ್ತದಲ್ಲಿ ಏರಿ, ಹೊರಹಾಕಬೇಕಾದ ಮೂತ್ರಪಿಂಡವೂ ಸೋತಿದ್ದರೆ ಹೃದಯದ ಬಡಿತದ ಲಯ ತಪ್ಪುತ್ತದೆ. ರ‍್ಯಾಬ್ಡೊದಲ್ಲಿ ಹಠಾತ್ ಸಾವು ಬರುವ ದಾರಿ ಮುಖ್ಯವಾಗಿ ಇದು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮಲ್ಲಿ ಜಿಮ್ ಎಂದರೆ ಹೃದಯದ ಭಯ ಸೇರಿಕೊಂಡಿತು. ಜನ ಹೃದಯ ತಪಾಸಣೆಗೆ ಸಾಲುಗಟ್ಟಿ ನಿಂತರು. ಆ ಸಾವಿಗೂ ಇಲ್ಲಿ ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ. ಆದರೆ ಅಷ್ಟೆಲ್ಲ ಚರ್ಚೆಯ ನಡುವೆಯೂ ಸ್ನಾಯು, ಮೂತ್ರಪಿಂಡದ ಮಾತು ಹೆಚ್ಚು ಕೇಳಿಬರಲಿಲ್ಲ. ಹೊಸದಾಗಿ ಜಿಮ್ ಸೇರುವ ಇಪ್ಪತ್ತರ ಹರೆಯದವರಿಗೆ ತಿಳಿದಿರಲೇಬೇಕಾದದ್ದು ಅದೂ ಹೌದು.

ಹಾಗಾದರೆ ಮಾಮೂಲು ನೋವು ಯಾವುದು, ಇದು ಯಾವುದು? ಮಾಮೂಲು ನೋವು ವ್ಯಾಯಾಮದ ಮಾರನೆಯ ದಿನ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, ವಾರದೊಳಗೆ ಹೋಗುತ್ತದೆ. ಮುಖ್ಯವಾಗಿ, ಮೈ ಕೊಂಚ ಆಡಿಸಿದರೆ, ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ. ನೋವಿದ್ದರೂ ಸ್ನಾಯು ಕೆಲಸ ಮಾಡುತ್ತದೆ. ಮೆಲ್ಲಗಾದರೂ ಕುರ್ಚಿಯಿಂದ ಎದ್ದೇಳುತ್ತೀರಿ. ಮೂತ್ರ ಎಂದಿನ ಬಣ್ಣದಲ್ಲೇ ಇರುತ್ತದೆ.

ರ‍್ಯಾಬ್ಡೊದ ನೋವು ಮಾಡಿದ ಕೆಲಸಕ್ಕೆ ತಾಳೆಯಾಗುವುದಿಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ದಿನ ಕಳೆದಂತೆ ಇಳಿಯುವ ಬದಲು ಏರುತ್ತದೆ. ನೋವಿನ ಜೊತೆ ನಿಜವಾದ ನಿಶ್ಶಕ್ತಿ ಇರುತ್ತದೆ: ಆಧಾರವಿಲ್ಲದೆ ಕುರ್ಚಿಯಿಂದ ಏಳಲಾಗದು, ಕಾಲು ಎತ್ತಿ ಬೈಕ್ ಹತ್ತಲಾಗದು. ಪುಲ್-ಅಪ್ ಅಥವಾ ಬೈಸೆಪ್ಸ್ ಕಸರತ್ತು ಅತಿಯಾದವರಲ್ಲಿ ಮೊಣಕೈ ಮಡಚಿದ್ದು ಮಡಚಿದಂತೆಯೇ ನಿಂತು, ನೀಡಲು ಹೋದರೆ ಜೀವ ಹಿಂಡುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಊದುತ್ತದೆ, ಮುಟ್ಟಿದರೆ ಬಿಗಿ. ಮತ್ತು ಮೂತ್ರ ಕಂದು.

ಇಲ್ಲಿ ಎರಡು ಮಾತು ಗಮನಿಸಬೇಕು. ನೋವು, ನಿಶ್ಶಕ್ತಿ, ಕಂದು ಮೂತ್ರ ಮೂರೂ ಒಟ್ಟಿಗೆ ಎಲ್ಲರಲ್ಲೂ ಕಾಣುವುದಿಲ್ಲ. ಮಯೊಗ್ಲೋಬಿನ್ ರಕ್ತದಿಂದ ಬೇಗ, ಕೆಲವೇ ಗಂಟೆಗಳಲ್ಲಿ, ಖಾಲಿಯಾಗುವುದರಿಂದ ಮೂತ್ರ ಒಂದೆರಡು ಸಲ ಕಪ್ಪಾಗಿ ಮತ್ತೆ ತಿಳಿಯಾಗಿಬಿಡಬಹುದು. 'ನಿನ್ನೆ ಕಂದಾಗಿತ್ತು, ಇವತ್ತು ಸರಿಯಾಗಿದೆ' ಎಂದರೆ ಗುಣವಾಯಿತು ಎಂದರ್ಥವಲ್ಲ. ಊತವೂ ನಿಶ್ಶಕ್ತಿಯೂ ಅತಿಯಾಗಿದ್ದರೆ ಮೂತ್ರದ ಬಣ್ಣ ಬದಲಾಗದಿದ್ದರೂ ಪರೀಕ್ಷೆ ಬೇಕು. ಇನ್ನೊಂದು, ಗಾಢ ಹಳದಿ ಮೂತ್ರವೆಲ್ಲ ರ‍್ಯಾಬ್ಡೊ ಅಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಎರಡು ಲೋಟ ನೀರು ಕುಡಿದ ಮೇಲೆ ತಿಳಿಯಾಗುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ಹೊಳೆಯುವ ಹಳದಿ ಬಣ್ಣ ಕೊಡುತ್ತದೆ, ಬೀಟ್‌ರೂಟ್ ಕೆಲವರಲ್ಲಿ ಕೆಂಪು. ನಮ್ಮ ಕಾಳಜಿ ಇರಬೇಕಾದದ್ದು ಟೀ, ಕೋಲಾದ ಕಂದು ಬಣ್ಣದ ಬಗ್ಗೆ.

ಈಗ ನಮ್ಮ ಹುಡುಗ ಸೋಮವಾರ ತುಳಿದ ದಾರಿ ನೋಡೋಣ. ಅವನಿಗೆ ಸಿಕ್ಕಿದ ಸಲಹೆಗಳೆಲ್ಲ ಪ್ರೀತಿಯವೇ, ಆದರೆ ಒಂದೂ ಅವನ ನೆರವಿಗೆ ಬರಲಿಲ್ಲ.

ನೋವಿನ ಮಾತ್ರೆಯಿಂದ ಶುರುಮಾಡಿದರೆ, ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮೊದಲೇ ರಕ್ತ ಸಾಲದೆ, ಮಯೊಗ್ಲೋಬಿನ್ ತುಂಬಿಕೊಂಡು ಒದ್ದಾಡುತ್ತಿರುವ ಅಂಗಕ್ಕೆ ಅದು ಗಾಯದ ಮೇಲೆ ಬರೆ. ವ್ಯಾಯಾಮದ ನಂತರದ ವಿಪರೀತ ನೋವಿಗೆ, ಅದರಲ್ಲೂ ಮೂತ್ರದ ಬಣ್ಣ ಬದಲಾಗಿದ್ದರೆ, ಇವನ್ನು ಅಂಗಡಿಯಿಂದ ನೇರ ತಂದು ನುಂಗಬಾರದು. ಊದಿದ ತೊಡೆಗೆ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದೂ ಬೇಡ.

ಉಷ್ಣದ ಮಾತು ಇನ್ನೂ ಸೂಕ್ಷ್ಮ. ನೀರು ಕುಡಿಯುವುದು ಒಳ್ಳೆಯದೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಬಾಳೆಹಣ್ಣಿನಲ್ಲೂ ಇದೆ. ಬೇರೆ ದಿನ ಅದು ಗುಣ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿರುವ ಈ ದಿನಗಳಲ್ಲಿ, ಮೂತ್ರ ಬೇರೆ ಕಡಿಮೆ ಬರುತ್ತಿದ್ದರೆ, ಅದೇ ಅಪಾಯ. ರಕ್ತಪರೀಕ್ಷೆ ಆಗುವವರೆಗೆ ಬರೀ ನೀರು ಸಾಕು. ಹಾಗೆಂದು ಮನೆಯಲ್ಲೇ ಕೂತು ಏಳೆಂಟು ಲೀಟರ್ ನೀರು ಕುಡಿದು ಎಲ್ಲ ತೊಳೆದುಕೊಳ್ಳುತ್ತೇನೆ ಎಂದು ಹೊರಡಬಾರದು. ಮೂತ್ರಪಿಂಡ ನೀರನ್ನು ಹೊರಹಾಕದಿದ್ದರೆ ರಕ್ತದ ಸೋಡಿಯಂ ಕುಸಿದು ಬೇರೆ ತೊಂದರೆ ಬರುತ್ತದೆ.

ನಮ್ಮ ರಾಜ್ಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಜಾಂಡೀಸಿನ ತಪ್ಪು ತೀರ್ಮಾನ. ಮೂತ್ರ ಕಂಡು 'ಕಾಮಾಲೆ' ಎಂದು ಹೆಸರಿಟ್ಟು ನಾಟಿ ಔಷಧಿ ಕೊಡುವವರ ಬಳಿ ಹೋಗುವ ರೂಢಿ ಊರೂರಲ್ಲೂ ಇದೆ. ಇದಕ್ಕೆ ಲ್ಯಾಬಿನ ಚೀಟಿಯೂ ಒತ್ತಾಸೆ ಕೊಟ್ಟುಬಿಡಬಹುದು. ಏಕೆಂದರೆ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಪಿತ್ತಜನಕಾಂಗದಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇವೆ. ಸ್ನಾಯು ಒಡೆದಾಗ ಅವೂ ಏರುತ್ತವೆ. ಲಿವರ್ ಟೆಸ್ಟ್ ಮಾತ್ರ ಮಾಡಿಸಿದವರು ಈ ಅಂಕಿ ನೋಡಿ 'ಲಿವರ್ ಕೆಟ್ಟಿದೆ' ಎಂದುಕೊಳ್ಳುತ್ತಾರೆ. ಬೇರ್ಪಡಿಸುವುದು ಕಷ್ಟವಲ್ಲ. ಕಾಮಾಲೆಯಲ್ಲಿ ಬಿಲಿರುಬಿನ್ ಏರಿರುತ್ತದೆ, ಕಣ್ಣಿನ ಬಿಳಿಭಾಗ ಹಳದಿಯಾಗಿರುತ್ತದೆ. ರ‍್ಯಾಬ್ಡೊದಲ್ಲಿ ಕಣ್ಣು ಬೆಳ್ಳಗೇ ಇರುತ್ತದೆ, ಬಿಲಿರುಬಿನ್ ಸಾಮಾನ್ಯವಾಗಿರುತ್ತದೆ, ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಬಹಳ ಹೆಚ್ಚಿರುತ್ತದೆ. ಮತ್ತು ರೋಗಿ ಎರಡು ದಿನದ ಹಿಂದೆ ಜಿಮ್‌ಗೆ ಹೋಗಿರುತ್ತಾನೆ. ಈ ಕೊನೆಯ ಸಂಗತಿಯನ್ನು ವೈದ್ಯರಿಗೆ ಹೇಳಬೇಕಾದವರು ನಾವು. ಕೇಳದಿದ್ದರೂ ಹೇಳಬೇಕು: ಯಾವ ದಿನ, ಯಾವ ಕಸರತ್ತು, ಎಷ್ಟು ಹೊತ್ತು, ಆಮೇಲೆ ಯಾವ ಮಾತ್ರೆ ನುಂಗಿದೆವು ಎಂದು.

ನಮ್ಮ ಹುಡುಗ ಅದನ್ನು ಹೇಳಿದ. ತುರ್ತು ವಿಭಾಗದಲ್ಲಿ ಮೊದಲು ಮೂತ್ರ ಪರೀಕ್ಷೆ. ಬಣ್ಣ ಬದಲಿಸುವ ಪಟ್ಟಿಯನ್ನು ಅದ್ದಿದಾಗ 'ರಕ್ತ ಮೂರು ಪ್ಲಸ್' ಎಂದು ತೋರಿಸಿತು. ಆದರೆ ಸೂಕ್ಷ್ಮದರ್ಶಕದಡಿ ನೋಡಿದರೆ ಕೆಂಪು ರಕ್ತಕಣಗಳು ಬೆರಳೆಣಿಕೆಯಷ್ಟೂ ಇಲ್ಲ. ಆ ಪಟ್ಟಿಗೆ ರಕ್ತದ ಹಿಮೋಗ್ಲೋಬಿನ್ನೂ ಸ್ನಾಯುವಿನ ಮಯೊಗ್ಲೋಬಿನ್ನೂ ಒಂದೇ; ಎರಡಕ್ಕೂ ಬಣ್ಣ ಬದಲಿಸುತ್ತದೆ. ಪಟ್ಟಿಯಲ್ಲಿ ರಕ್ತ ಇದೆ, ಕಣಗಳು ಮಾತ್ರ ಇಲ್ಲ ಎಂದರೆ ವೈದ್ಯರು ತಟ್ಟನೆ ಸ್ನಾಯುವನ್ನು ನೆನೆಯುತ್ತಾರೆ.

ಖಚಿತಪಡಿಸಿದ್ದು ಸಿಪಿಕೆ ಎಂಬ ರಕ್ತಪರೀಕ್ಷೆ. ಸಿಕೆ ಎಂದೂ ಬರೆಯುತ್ತಾರೆ. ಸ್ನಾಯುವಿನೊಳಗಿರುವ ಕಿಣ್ವವಿದು. ಆರೋಗ್ಯವಂತರ ರಕ್ತದಲ್ಲಿ ಸುಮಾರು 200 ಯೂನಿಟ್‌ವರೆಗೆ ಇರುತ್ತದೆ. ಇದರ ಐದು ಪಟ್ಟು, ಅಂದರೆ 1,000 ದಾಟಿ, ಲಕ್ಷಣಗಳೂ ಇದ್ದರೆ ರ‍್ಯಾಬ್ಡೊ ಎಂದು ಪರಿಗಣಿಸುತ್ತಾರೆ. ಕಠಿಣ ವ್ಯಾಯಾಮದ ನಂತರ ಲಕ್ಷಣವೇ ಇಲ್ಲದವರಲ್ಲೂ ಸಿಪಿಕೆ ಸಾವಿರ ದಾಟುವುದುಂಟು, ಹಾಗಾಗಿ ಅಂಕಿಯೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ನಮ್ಮ ಹುಡುಗನದು 58,000 ಇತ್ತು. ಲ್ಯಾಬಿನಲ್ಲಿ ಕೇಳುವಾಗ 'ಟೋಟಲ್ ಸಿಪಿಕೆ' ಎಂದೇ ಕೇಳಬೇಕು. ಸಿಪಿಕೆ-ಎಂಬಿ ಎನ್ನುವುದು ಹೃದಯಕ್ಕೆ ಸಂಬಂಧಿಸಿದ ಬೇರೆ ಪರೀಕ್ಷೆ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡಿದರು, 1.3 ಇತ್ತು, ಅವನ ವಯಸ್ಸಿಗೆ ಕೊಂಚ ಹೆಚ್ಚು. ಪೊಟ್ಯಾಸಿಯಂ 4.8, ಇನ್ನೂ ಮಿತಿಯೊಳಗೆ. ಇಸಿಜಿ ಸರಿಯಾಗಿತ್ತು. ಸಿಪಿಕೆ ಎಷ್ಟೇ ದೊಡ್ಡದಿರಲಿ, ಭವಿಷ್ಯ ಹೇಳುವುದು ಹೆಚ್ಚಾಗಿ ಈ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ.

ಚಿಕಿತ್ಸೆ ಸರಳ: ರಕ್ತನಾಳದ ಮೂಲಕ ಸಲೈನ್, ಧಾರಾಳವಾಗಿ. ಗಂಟೆಗೆ 200ರಿಂದ 300 ಮಿಲಿಲೀಟರ್ ಮೂತ್ರ ಬರುವಂತೆ ಅದರ ವೇಗ ಹೊಂದಿಸುತ್ತಾರೆ. ಬಂದ ಮೂತ್ರವನ್ನು ಅಳೆದು ಬರೆದಿಡುತ್ತಾರೆ, ದಿನವೂ ರಕ್ತಪರೀಕ್ಷೆ ಮಾಡುತ್ತಾರೆ. ಬುಧವಾರ ಅವನ ಸಿಪಿಕೆ 64,000ಕ್ಕೆ ಏರಿತು. ಮನೆಯವರು ಕಂಗಾಲಾದರು. ಇದು ನಿರೀಕ್ಷಿತವೇ; ಸಿಪಿಕೆ ತುದಿ ಮುಟ್ಟುವುದು ವ್ಯಾಯಾಮವಾದ ಒಂದರಿಂದ ನಾಲ್ಕನೇ ದಿನದೊಳಗೆ. ಅಲ್ಲಿಂದ ದಿನಕ್ಕೆ ಹೆಚ್ಚುಕಡಿಮೆ ನೂರಕ್ಕೆ ನಲವತ್ತರಂತೆ ಇಳಿಯತೊಡಗಿತು: ಗುರುವಾರ 39,000, ಶುಕ್ರವಾರ 23,000, ಶನಿವಾರ 14,000. ಮೂತ್ರ ಗುರುವಾರವೇ ತಿಳಿಯಾಗಿತ್ತು, ಕ್ರಿಯಾಟಿನಿನ್ ಶುಕ್ರವಾರ 0.9ಕ್ಕೆ ಬಂತು. ಭಾನುವಾರ 8,000 ಇದ್ದಾಗ ಮನೆಗೆ ಕಳಿಸಿದರು. ಹೀಗೆ ಇಳಿಯುವ ಬದಲು ಏರುತ್ತಲೇ ಹೋದರೆ ಎಲ್ಲೋ ಸ್ನಾಯು ಇನ್ನೂ ಒಡೆಯುತ್ತಿದೆ ಎಂದು ವೈದ್ಯರು ಹುಡುಕುತ್ತಾರೆ.

ಆಸ್ಪತ್ರೆಯಲ್ಲಿ ದಿನಕ್ಕೆ ಹಲವು ಸಲ ಅವನ ತೊಡೆಯನ್ನು ಒತ್ತಿ ನೋಡುತ್ತಿದ್ದರು. ಅದಕ್ಕೂ ಕಾರಣವಿದೆ. ಸ್ನಾಯುಗಳ ಗುಂಪನ್ನು ಹಿಗ್ಗದ ಒಂದು ಗಟ್ಟಿ ಪೊರೆ ಸುತ್ತಿಕೊಂಡಿರುತ್ತದೆ. ಒಳಗೆ ಊತ ಏರಿದರೆ ಒತ್ತಡ ಹೆಚ್ಚಿ ಅಲ್ಲಿನ ರಕ್ತಸಂಚಾರವೇ ನಿಲ್ಲಬಹುದು. ಸ್ನಾಯು ಹಲಗೆಯಂತೆ ಗಟ್ಟಿಯಾಗುವುದು, ಕಾಲು ಜೋಮು ಹಿಡಿಯುವುದು, ಬೇರೆಯವರು ಮೆಲ್ಲಗೆ ಮಡಚಿದರೂ ತಡೆಯಲಾರದ ನೋವು ಬರುವುದು ಅದರ ಗುರುತುಗಳು. ಆಗ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪೊರೆಯನ್ನು ಬಿಡಿಸಬೇಕು. ಮನೆಯಲ್ಲಿ ಹೀಗಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕೆಲವರಿಗೆ ಅಪಾಯ ಇತರರಿಗಿಂತ ಹೆಚ್ಚು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು, ಥೈರಾಯ್ಡ್ ಕೊರತೆ ಇರುವವರು, ಜ್ವರದಿಂದ ಈಗಷ್ಟೇ ಎದ್ದವರು, ಹಿಂದಿನ ರಾತ್ರಿ ಮದ್ಯ ಕುಡಿದವರು, ಉಪವಾಸದಲ್ಲಿ ಅಥವಾ ಬಿಸಿಲಿನ ಧಗೆಯಲ್ಲಿ ಕಸರತ್ತು ಮಾಡುವವರು. ಸಿಕಲ್ ಸೆಲ್ ದೋಷವನ್ನು ಹುಟ್ಟಿನಿಂದ ಹೊತ್ತವರಿಗೂ ಇದರ ಅಪಾಯವಿದೆ. ಸಣ್ಣ ಶ್ರಮಕ್ಕೇ ಇದು ಬಂದರೆ, ಅಥವಾ ಎರಡನೇ ಸಲ ಮರುಕಳಿಸಿದರೆ, ಸ್ನಾಯು ಶಕ್ತಿ ತಯಾರಿಸುವ ರೀತಿಯಲ್ಲೇ ಆನುವಂಶಿಕ ಕೊರತೆ ಇದೆಯೇ ಎಂದು ನೋಡಿಸಬೇಕು.

ಗುಣವಾದ ಮೇಲೆ ಜಿಮ್ ಬಿಡಬೇಕಿಲ್ಲ. ಸಿಪಿಕೆ 1,000ಕ್ಕಿಂತ ಕೆಳಗಿಳಿದು, ಮೂತ್ರ ಪರೀಕ್ಷೆ ಸರಿಯಾಗುವವರೆಗೆ ವಿಶ್ರಾಂತಿ. ಆಮೇಲೆ ನಡಿಗೆ, ಅದು ಹಿಡಿಸಿದರೆ ಕೆಲವು ವಾರಗಳಲ್ಲಿ ಹಗುರ ಭಾರ, ಎಲ್ಲವೂ ವೈದ್ಯರನ್ನು ಕೇಳಿಕೊಂಡು. ಹೊಸದಾಗಿ ಸೇರುವವರಿಗೂ ದೇಹವೇ ಒಂದು ಅನುಕೂಲ ಮಾಡಿಕೊಟ್ಟಿದೆ. ಒಂದು ಸಲ ಹಗುರವಾಗಿ ಮಾಡಿದ ಕಸರತ್ತು ಅದೇ ಸ್ನಾಯುವಿಗೆ ಮುಂದಿನ ಕೆಲವು ವಾರಗಳವರೆಗೆ ರಕ್ಷಣೆ ಕೊಡುತ್ತದೆ. ಎರಡನೇ ಸಲ ಅಷ್ಟೇ ಕೆಲಸಕ್ಕೆ ಹರಿಯುವುದು ಎಷ್ಟೋ ಕಡಿಮೆ. ಆದ್ದರಿಂದ ಮೊದಲ ದಿನ ಪ್ರತಿ ಕಸರತ್ತಿಗೂ ಒಂದೋ ಎರಡೋ ಸೆಟ್, ಅದೂ 'ಇನ್ನೂ ಮೂರು ನಾಲ್ಕು ಮಾಡಬಲ್ಲೆ' ಎನ್ನುವಾಗಲೇ ನಿಲ್ಲಿಸಿದರೆ ಸಾಕು. ನಿಧಾನವಾಗಿ ಭಾರ ಇಳಿಸುವ ಕಸರತ್ತುಗಳು, ಕೈಕಾಲು ಸೋಲುವವರೆಗೆ ಮಾಡುವ ಪಂದ್ಯಗಳು ಮೊದಲ ಎರಡು ಮೂರು ವಾರ ಬೇಡ. ಒಂದು ತಿಂಗಳು ಬಿಟ್ಟು ಬಂದ ಹಳಬರಿಗೂ ಇದೇ ಲೆಕ್ಕ.

ಜಿಮ್ ನಡೆಸುವವರಲ್ಲಿ ಮತ್ತು ಟ್ರೇನರ್‌ಗಳಲ್ಲಿ ನನ್ನದೊಂದು ಕೋರಿಕೆ ಇದೆ. ಹೊಸಬರು ನಡುಗಿ ಕೂತಾಗ, ವಾಂತಿ ಬಂತು ಎಂದಾಗ ಅವತ್ತಿಗೆ ನಿಲ್ಲಿಸಿ. ಮತ್ತು ನಿಮ್ಮ ಶೌಚಾಲಯದ ಬಾಗಿಲ ಒಳಬದಿಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: 'ವ್ಯಾಯಾಮದ ನಂತರದ ದಿನಗಳಲ್ಲಿ ಮೂತ್ರ ಟೀ ಅಥವಾ ಕೋಲಾ ಬಣ್ಣಕ್ಕೆ ತಿರುಗಿದರೆ ನೋವಿನ ಮಾತ್ರೆ ನುಂಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ ಸಿಪಿಕೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ, ಜಿಮ್ ಮಾಡಿದ್ದನ್ನು ವೈದ್ಯರಿಗೆ ಹೇಳಿ.'